34 ಮನೆಗಳ ಮಾತು, ಮಿಸ್‌ಗೆ ಒಂದೇ ಪತ್ರ: ಪೋಷಕರೆಲ್ಲ ಸೇರಿ ಕ್ಲಾಸ್ ಟೀಚರ್‌ಗೆ ಥ್ಯಾಂಕ್ಸ್ ಬರೆಯುವ ಬಗೆ

ಪ್ರತಿ ವರ್ಷ ಏಪ್ರಿಲ್‌ನಲ್ಲಿ ಫಲಿತಾಂಶ ಹೇಳಿ ರಜೆ ಕೊಡುವ ಹೊತ್ತಿಗೆ ಪೋಷಕರ ವಾಟ್ಸಾಪ್ ಗುಂಪಿನಲ್ಲಿ ಯಾರಾದರೂ ಒಬ್ಬರು ‘ಮಿಸ್‌ಗೆ ಏನಾದ್ರೂ ಬರೆದು ಕಳಿಸೋಣ ಅಲ್ವಾ’ ಅನ್ನುತ್ತಾರೆ. ಮೂವತ್ತು ಜನ ಕೈಮುಗಿಯುವ ಚಿತ್ರ ಹಾಕುತ್ತಾರೆ. ಆಮೇಲೆ ಯಾರೋ ಒಬ್ಬರು ರಾತ್ರಿ ಹನ್ನೊಂದಕ್ಕೆ ಕೂತು, ‘ತಾವು ನಮ್ಮ ಮಕ್ಕಳಿಗೆ ನೀಡಿದ ಪ್ರೀತಿ ಹಾಗೂ ವಿದ್ಯೆಗೆ ನಾವು ಸದಾ ಚಿರಋಣಿ’ ಅಂತ ಬರೆದು ಕಳಿಸಿಬಿಡುತ್ತಾರೆ. ತಪ್ಪೇನಿಲ್ಲ. ಆದರೆ ಅದೇ ಸಾಲನ್ನು ಪಕ್ಕದ ಎ ವಿಭಾಗದ ಮಿಸ್‌ಗೂ ಕಳಿಸಬಹುದು, ಸಂಗೀತದ ಮೇಷ್ಟ್ರಿಗೂ ಕಳಿಸಬಹುದು. 34 ಮನೆ ಸೇರಿ ಬರೆದದ್ದು ಅನ್ನುವ ಗುರುತು ಅದರಲ್ಲಿ ಒಂದೂ ಇಲ್ಲ.

ಹೋದ ವರ್ಷ ನನ್ನ ಮಗಳ ಎರಡನೇ ತರಗತಿ ಬಿ ವಿಭಾಗಕ್ಕೆ ಈ ಕೆಲಸ ನನ್ನ ಮೇಲೆ ಬಿತ್ತು. ಅದನ್ನೇ ಉದಾಹರಣೆ ಇಟ್ಟುಕೊಂಡು ಮೊದಲಿನಿಂದ ಕೊನೆಯವರೆಗೆ ಹೇಳುತ್ತೇನೆ. ಒಟ್ಟು ಹತ್ತು ದಿನ ಹಿಡಿಯಿತು. ಬರೆಯುವುದಕ್ಕೆ ಬೇಕಾಗಿದ್ದು ಒಂದು ಸಂಜೆ, ಉಳಿದದ್ದೆಲ್ಲ ಕೇಳುವುದಕ್ಕೆ ಮತ್ತು ಒಪ್ಪಿಗೆ ಪಡೆಯುವುದಕ್ಕೆ ಹೋಯಿತು.

ಮೊದಲು, ಮಿಸ್ ಯಾವ ಗುಂಪಿನಲ್ಲಿದ್ದಾರೆ ನೋಡಿ

ನಗಬೇಡಿ, ನಾನು ಇಲ್ಲೇ ಎಡವಿದ್ದೆ. ಹೆಚ್ಚಿನ ತರಗತಿಗಳಿಗೆ ಎರಡು ಗುಂಪು ಇರುತ್ತವೆ. ಒಂದರಲ್ಲಿ ಟೀಚರ್ ಇರುತ್ತಾರೆ, ಹೋಂವರ್ಕ್, ರಜೆಯ ಸೂಚನೆ ಅಲ್ಲಿ ಬರುತ್ತದೆ. ಇನ್ನೊಂದು ಪೋಷಕರೇ ಮಾಡಿಕೊಂಡದ್ದು. ಎರಡರ ಹೆಸರೂ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ‘ಮಿಸ್‌ಗೆ ಗೊತ್ತಾಗದ ಹಾಗೆ ಮಾಡೋಣ’ ಅಂತ ನಾನು ಬರೆದ ಸಂದೇಶ ಮಿಸ್ ಇರುವ ಗುಂಪಿಗೇ ಹೋಯಿತು. ಒಂದೇ ನಿಮಿಷದಲ್ಲಿ ಅಳಿಸಿದೆ, ಅವರು ನೋಡಿದರೋ ಇಲ್ಲವೋ ಇವತ್ತಿಗೂ ನನಗೆ ಗೊತ್ತಿಲ್ಲ, ಕೇಳುವ ಧೈರ್ಯವೂ ಇಲ್ಲ. ಆದ್ದರಿಂದ ಗುಂಪಿನ ಹೆಸರು ಒತ್ತಿ, ಸದಸ್ಯರ ಪಟ್ಟಿಯನ್ನು ಕೆಳಗಿನವರೆಗೆ ಸರಿಸಿ ನೋಡಿ. ಮಿಸ್ ಮಾತ್ರ ಅಲ್ಲ, ಅದೇ ಶಾಲೆಯಲ್ಲಿ ಪಾಠ ಮಾಡುವ ತಾಯಿಯೊಬ್ಬರು ಪೋಷಕರ ಗುಂಪಿನಲ್ಲೂ ಇರಬಹುದು. ಇದ್ದರೆ ತೊಂದರೆಯಿಲ್ಲ, ಅವರಿಗೆ ಮೊದಲೇ ಒಂದು ಮಾತು ಹೇಳಿಡಿ.

ಇದರ ಜೊತೆಗೇ ಇನ್ನೊಂದು ತೀರ್ಮಾನ ಮಾಡಿ: ಉಡುಗೊರೆಯ ಮಾತು ಈ ಕೆಲಸದ ಜೊತೆ ಬರಬಾರದು. ‘ತಲಾ 200 ರೂಪಾಯಿ ಹಾಕಿ, ಮೆಸೇಜೂ ಬರೀರಿ’ ಅಂತ ಒಂದೇ ಉಸಿರಿನಲ್ಲಿ ಹೇಳಿದರೆ, ದುಡ್ಡು ಕೊಡಲು ಆಗದವರು ಮಾತನ್ನೂ ಕೊಡುವುದಿಲ್ಲ, ಸುಮ್ನೆ ಹಿಂದೆ ಸರಿಯುತ್ತಾರೆ. ಸೀರೆನೋ ಪೆನ್ನೋ ಏನಾದರೂ ಕೊಡುವುದಿದ್ದರೆ ಬೇರೆಯವರೊಬ್ಬರು ಬೇರೆ ದಿನ ನೋಡಿಕೊಳ್ಳಲಿ.

ಏನು ಕೇಳಬೇಕು

ಇಡೀ ಕೆಲಸ ನಿಂತಿರುವುದು ಈ ಒಂದು ಪ್ರಶ್ನೆಯ ಮೇಲೆ. ಮೊದಲ ಸಲ ನಾನು ‘ಮಿಸ್ ಬಗ್ಗೆ ಎರಡು ಮಾತು ಬರೆದು ಕಳಿಸಿ’ ಅಂತ ಕೇಳಿದೆ. ಮೊದಲು ಬಂದ ಉತ್ತರ ‘ತುಂಬಾ ಒಳ್ಳೆಯ ಮಿಸ್, ಪ್ರೀತಿಯಿಂದ ಕಲಿಸ್ತಾರೆ’. ಅದಾದ ಮೇಲೆ ಬಂದ ಒಂಬತ್ತು ಉತ್ತರವೂ ಅದೇ, ಪದ ಅಷ್ಟಿಷ್ಟು ಆಚೀಚೆ. ಗುಂಪಿನಲ್ಲಿ ಎಲ್ಲರಿಗೂ ಕಾಣುವ ಹಾಗೆ ಕೇಳಿದರೆ ಹೀಗೇ ಆಗುತ್ತದೆ. ಮೊದಲನೆಯವರು ಏನು ಬರೆದರೋ ಅದು ಮಾದರಿಯಾಗಿಬಿಡುತ್ತದೆ, ಚೆನ್ನಾಗಿ ಬರೆಯಲು ಬರುವುದಿಲ್ಲ ಅಂದುಕೊಂಡವರು ಅದನ್ನೇ ನಕಲು ಮಾಡುತ್ತಾರೆ, ಇಲ್ಲವೇ ಕೈಮುಗಿಯುತ್ತಾರೆ.

ಎರಡನೇ ಸಲ ಪ್ರಶ್ನೆ ಬದಲಾಯಿಸಿದೆ. ಉತ್ತರ ಬರುವ ಜಾಗವನ್ನೂ ಬದಲಾಯಿಸಿದೆ. ಕಳಿಸಿದ್ದು ಇಷ್ಟು:

‘ಈ ವರ್ಷ ನಿಮ್ಮ ಮಗು ಸ್ಕೂಲಿಂದ ಬಂದು ಮಿಸ್ ಹೀಗಂದ್ರು, ಹೀಗೆ ಮಾಡಿದ್ರು ಅಂತ ಹೇಳಿದ್ದರಲ್ಲಿ ನಿಮಗೆ ಇನ್ನೂ ನೆನಪಿರೋದು ಯಾವುದು? ಒಂದೇ ಒಂದು ಸಾಕು. ಗುಂಪಲ್ಲಿ ಬೇಡ, ನನ್ನ ನಂಬರಿಗೆ ಕಳಿಸಿ. ಬರೆಯೋಕೆ ಆಗದಿದ್ರೆ ಮಾತಾಡಿ ವಾಯ್ಸ್ ಕಳಿಸಿ, ಯಾವ ಭಾಷೆ ಆದ್ರೂ ಪರವಾಗಿಲ್ಲ. ಭಾನುವಾರ ರಾತ್ರಿ ಒಳಗೆ.’

‘ಮಿಸ್ ಹೇಗೆ’ ಅಂದರೆ ಉತ್ತರವಾಗಿ ಗುಣ ಬರುತ್ತದೆ. ‘ಏನು ನೆನಪಿದೆ’ ಅಂದರೆ ಘಟನೆ ಬರುತ್ತದೆ. ನಮಗೆ ಬೇಕಾದ್ದು ಘಟನೆ. ಹತ್ತು ಗುಣ ಸೇರಿಸಿದರೆ ಒಂದೇ ಗುಣ ಉಳಿಯುತ್ತದೆ, ಹತ್ತು ಘಟನೆ ಸೇರಿಸಿದರೆ ಒಬ್ಬ ಮನುಷ್ಯರು ಕಾಣುತ್ತಾರೆ.

ಭಾನುವಾರದ ಹೊತ್ತಿಗೆ 21 ಮನೆಯವರು ಕಳಿಸಿದರು. ಅದರಲ್ಲಿ ಎಂಟು ವಾಯ್ಸ್, ಅವೇ ಚೆನ್ನಾಗಿದ್ದವು. ಬರೆಯುವಾಗ ‘ಮಾರ್ಗದರ್ಶನ’ ಅನ್ನುವವರು ಮಾತಾಡುವಾಗ ‘ನಮ್ಮವ್ನು ಈಗ ತಾನೇ ಬ್ಯಾಗ್ ತುಂಬ್ಕೋತಾನೆ ಕಣ್ರೀ’ ಅನ್ನುತ್ತಾರೆ. ಆರು ಮನೆಗೆ ಫೋನ್ ಮಾಡಿದೆ. ನಾಲ್ಕು ಜನ ಶಾಲೆಯ ಗೇಟಿನ ಹತ್ತಿರ ಸಿಕ್ಕಾಗ ಹೇಳಿದರು. ಇಬ್ಬರು ಅಪ್ಪಂದಿರು ‘ನಮ್ಮನೆಯವ್ರನ್ನ ಕೇಳಿ, ನಂಗೊತ್ತಿಲ್ಲ’ ಅಂದರು. ಕೇಳಿದೆ, ಸಿಕ್ಕಿತು. ಒಂದು ಮನೆ ಮಾತ್ರ ಉಳಿಯಿತು. ಆ ಮಗುವನ್ನು ಕರೆದುಕೊಂಡು ಹೋಗಲು ಬರುವುದು ಅಜ್ಜ, ಅವರ ಹತ್ತಿರ ಇರುವುದು ಬಟನ್ ಫೋನು, ಗುಂಪಿನಲ್ಲಿ ಇರುವ ನಂಬರು ಊರಲ್ಲಿಲ್ಲದ ಅಪ್ಪನದ್ದು. ಎರಡು ದಿನ ಗೇಟಿನ ಹತ್ತಿರ ಕಾದು ಅಜ್ಜನನ್ನು ಹಿಡಿದೆ. ಅವರು ಹೇಳಿದ್ದು: ‘ಆ ಅಮ್ಮ ಗೇಟ್ ತಂಕ ಬಂದು ಮಗೀನ ಕೈ ನನ್ ಕೈಗ್ ಕೊಟ್ಟೇ ಹೋಗೋದು.’ ಹೀಗೆ ವಾಟ್ಸಾಪ್ ಹೊರಗಿರುವ ಮನೆ ನಿಮ್ಮ ತರಗತಿಯಲ್ಲೂ ಒಂದೆರಡು ಇದ್ದೇ ಇರುತ್ತವೆ. ಅವರನ್ನು ಬಿಟ್ಟು ‘ಎಲ್ಲ ಪೋಷಕರು’ ಅಂತ ಬರೆಯಬೇಡಿ.

ಬಂದದ್ದನ್ನು ವಿಂಗಡಿಸುವುದು

ನಾನು ನೋಟ್‌ಬುಕ್ಕಿನಲ್ಲಿ ಮೂರು ಕಲಂ ಹಾಕಿದೆ. ಯಾರು ಹೇಳಿದರು, ಏನು ಹೇಳಿದರು, ಎಲ್ಲರೆದುರು ಹೇಳಬಹುದೇ. ಎಕ್ಸೆಲ್ ಬರುವವರು ಅದರಲ್ಲೇ ಮಾಡಿ. ವಾಯ್ಸ್‌ಗಳನ್ನು ಕೇಳಿ ಅವರಾಡಿದ ಮಾತಿನಲ್ಲೇ ಬರೆದುಕೊಳ್ಳಿ, ಆಗಲೇ ತಿದ್ದಲು ಹೋಗಬೇಡಿ.

ಮೂರನೇ ಕಲಂ ನಾನು ಅಂದುಕೊಂಡದ್ದಕ್ಕಿಂತ ಜಾಸ್ತಿ ಹೊತ್ತು ತಿಂದಿತು. ನಮಗೆ ಬಂದ ಎಲ್ಲ ಮಾತಿಗಿಂತ ಒಳ್ಳೆಯ ಮಾತು ಪತ್ರದಲ್ಲಿ ಬರಲೇ ಇಲ್ಲ. ಒಬ್ಬ ತಾಯಿ ಹೇಳಿದ್ದು: ಮಗು ತರಗತಿಯಲ್ಲೇ ಚಡ್ಡಿ ಒದ್ದೆ ಮಾಡಿಕೊಂಡಿತ್ತು. ಮಿಸ್ ಬೇಕೆಂದೇ ತಮ್ಮ ನೀರಿನ ಬಾಟಲಿ ಅಲ್ಲೇ ಬೀಳಿಸಿ, ‘ಅಯ್ಯೋ, ಎಲ್ಲ ನನ್ನಿಂದ ಒದ್ದೆ ಆಯ್ತು’ ಅಂತ ಆ ಮಗುವನ್ನು ಬಟ್ಟೆ ಬದಲಿಸಲು ಕರೆದುಕೊಂಡು ಹೋದರಂತೆ. ಇದನ್ನು ಕೇಳಿದಾಗ ನನಗೆ ಮಾತೇ ಹೊರಡಲಿಲ್ಲ. (ಇಲ್ಲಿ ಹೇಳುತ್ತಿರುವುದೂ ಆ ತಾಯಿಯನ್ನು ಕೇಳಿಯೇ. ಮಗು ಗಂಡೋ ಹೆಣ್ಣೋ ಅಂತ ಹೇಳಬಾರದು ಅಂದರು.) ಆದರೆ 34 ಮನೆ ಓದುವ ಪತ್ರದಲ್ಲಿ ಹೆಸರಿಲ್ಲದೆ ಬರೆದರೂ ಆ ಮಗು ಯಾವುದು ಅಂತ ಉಳಿದ ಮಕ್ಕಳು ಎರಡು ನಿಮಿಷದಲ್ಲಿ ಪತ್ತೆ ಹಚ್ಚುತ್ತಾರೆ. ಮಿಸ್ ಬಾಟಲಿ ಬೀಳಿಸಿ ಮುಚ್ಚಿಟ್ಟದ್ದನ್ನು ನಾವು ಥ್ಯಾಂಕ್ಸ್ ಹೇಳುವ ನೆಪದಲ್ಲಿ ಬಿಚ್ಚಿಟ್ಟಂತೆ ಆಗುತ್ತಿತ್ತು. ಆ ತಾಯಿಗೆ ‘ಇದನ್ನು ನೀವೇ ಒಂದು ಚೀಟಿಯಲ್ಲಿ ಬರೆದು ಮಿಸ್ ಕೈಗೆ ಕೊಡಿ’ ಅಂದೆ. ಕೊಟ್ಟರು.

ಹೀಗೆ ಪಕ್ಕಕ್ಕೆ ಇಡಬೇಕಾದ ವಿಷಯಗಳು ಬೇರೆಯವೂ ಇರುತ್ತವೆ. ಫೀಸು ತಡವಾದದ್ದು, ಮನೆಯಲ್ಲಿ ಜಗಳ, ಮಗುವಿನ ಕಾಯಿಲೆ, ಒಬ್ಬ ಮಗು ಇನ್ನೊಬ್ಬನಿಗೆ ಹೊಡೆದದ್ದು. ಘಟನೆ ಓದಿದಾಗ ಆ ಮಗು ಮುಂದಿನ ವರ್ಷ ತಲೆ ತಗ್ಗಿಸಬೇಕಾಗಬಹುದೇ ಅಂತ ಯೋಚಿಸಿ, ಅನುಮಾನ ಬಂದರೆ ತೆಗೆಯಿರಿ.

ಇನ್ನು ಕೆಲವು ಸಾಲು ಹೊಗಳಿಕೆಯ ಹಾಗೆ ಕಾಣುತ್ತವೆ, ಆದರೆ ಹೊಗಳಿಕೆ ಅಲ್ಲ. ‘ಹೋದ ವರ್ಷದ ಮಿಸ್ ಥರ ಅಲ್ಲ ನೀವು’ ಅನ್ನುವುದು ಇನ್ನೊಬ್ಬರ ಮೇಲಿನ ದೂರು. ಅವರಿಬ್ಬರೂ ಒಂದೇ ಸ್ಟಾಫ್ ರೂಮಿನಲ್ಲಿ ಕೂರುವವರು. ‘ಹೋಂವರ್ಕ್ ಸ್ವಲ್ಪ ಜಾಸ್ತಿ ಆದ್ರೂ ಒಳ್ಳೇದೇ ಆಯ್ತು’ ಅನ್ನುವುದರಲ್ಲಿ ಮುಳ್ಳು ಇದೆ. ‘ಮೂರನೇ ಕ್ಲಾಸಿಗೂ ನೀವೇ ಬನ್ನಿ’ ಅನ್ನುವುದು ಅವರ ಕೈಲಿಲ್ಲದ ವಿಷಯ, ಅದನ್ನು ಬರೆದರೆ ಅವರು ಮುಖ್ಯೋಪಾಧ್ಯಾಯರಿಗೆ ಉತ್ತರ ಕೊಡಬೇಕಾದೀತು. ನಮ್ಮಲ್ಲಿ ನಾಲ್ಕು ಜನ ಇದನ್ನೇ ಬರೆದಿದ್ದರು, ನಾಲ್ಕನ್ನೂ ಬಿಟ್ಟೆ. ಎ ಪ್ಲಸ್ ಬಂತು ಅನ್ನುವವನ್ನೂ ಬಿಟ್ಟೆ, ಯಾಕೆಂದರೆ ಬಾರದವರ ಮನೆಯವರೂ ಇದೇ ಪತ್ರಕ್ಕೆ ಹೆಸರು ಹಾಕುತ್ತಾರೆ.

ಒಂದೇ ದನಿ ಮಾಡುವುದು ಹೇಗೆ

ಬಿಟ್ಟದ್ದು ಬಿಟ್ಟು ನನ್ನ ಹತ್ತಿರ ಇಪ್ಪತ್ತರಷ್ಟು ಮಾತು ಉಳಿದವು. ಅವನ್ನು ಒಂದರ ಕೆಳಗೊಂದು ಅಂಟಿಸಿದರೆ ಅದು ಪತ್ರ ಆಗುವುದಿಲ್ಲ, ಪಟ್ಟಿ ಆಗುತ್ತದೆ. ಒಂದೇ ವಿಷಯದ ಸುತ್ತ ಇರುವವನ್ನು ಪಕ್ಕಪಕ್ಕ ಇಟ್ಟೆ. ಓದುವುದರ ಬಗ್ಗೆ ಏಳು, ಊಟದ ಡಬ್ಬಿ ಬಗ್ಗೆ ಐದು, ಮಾತು-ಉಚ್ಚಾರದ ಬಗ್ಗೆ ಮೂರು, ಉಳಿದವು ಬಿಡಿಬಿಡಿ.

ಓದಿನ ಬಗ್ಗೆ ಬಂದವುಗಳಲ್ಲಿ ನಾಲ್ಕು ಹೀಗಿದ್ದವು:

‘ಮೊದ್ಲು ಒತ್ತಕ್ಷರ ಬಂದ್ರೆ ಪುಸ್ತಕ ಮುಚ್ಚಿಬಿಡ್ತಿದ್ದ, ಈಗ ಬಸ್ ಬೋರ್ಡ್ ಓದ್ತಾನೆ.’
‘ದಾರೀಲಿ ಅಂಗಡಿ ಬೋರ್ಡ್ ಓದ್ಕೊಂಡು ನಿಂತ್ಬಿಡ್ತಾಳೆ, ಮುಂದಕ್ಕೇ ಹೋಗಲ್ಲ.’
‘ನಮ್ಮತ್ತೆಗೆ ಕಣ್ಣು ಸರಿ ಕಾಣಲ್ಲ, ಸಂಜೆ ಮೊಮ್ಮಗಳೇ ಪೇಪರ್ ಓದಿ ಹೇಳೋದು.’
‘ನಮ್ಮವ್ನಿಗೆ ಇನ್ನೂ ಅಷ್ಟು ಬರಲ್ಲ ಮೇಡಂ. ಆದ್ರೆ ಪುಸ್ತಕ ಕಂಡ್ರೆ ಹೆದರ್ತಿಲ್ಲ ಈಗ.’

ಮೊದಲ ಕರಡಿನಲ್ಲಿ ನಾನು ‘ನಿಮ್ಮಿಂದಾಗಿ ನಮ್ಮ ಮಕ್ಕಳೆಲ್ಲ ಈಗ ಸರಾಗವಾಗಿ ಓದುತ್ತಾರೆ’ ಅಂತ ಬರೆದೆ. ಇದು ಸುಳ್ಳು. ನಾಲ್ಕನೇ ತಾಯಿ ಅದನ್ನು ಓದಿದರೆ ‘ಈ ಪತ್ರದಲ್ಲಿ ನಾವಿಲ್ಲ’ ಅಂದುಕೊಳ್ಳುತ್ತಾರೆ. ಮಿಸ್‌ಗೂ ಅದು ಸುಳ್ಳು ಅಂತ ಗೊತ್ತು, ಯಾರು ತಡವರಿಸುತ್ತಾರೆ ಅಂತ ಅವರಿಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತು? ಎಲ್ಲರ ಪರವಾಗಿ ಬರೆಯುವಾಗ ಸುಲಭವಾಗಿ ಬೀಳುವ ಗುಂಡಿ ಇದೇ. ಅಲ್ಲಿಂದ ನಾನು ಒಂದು ನಿಯಮ ಇಟ್ಟುಕೊಂಡೆ. ‘ನಾವು’ ಅನ್ನುವುದನ್ನು 34 ಮನೆಗೂ ನಿಜವಾಗಿರುವ ಮಾತಿಗೆ ಮಾತ್ರ ಬಳಸಬೇಕು. ಹಲವರದ್ದಾದರೆ ‘ಎಷ್ಟೋ ಮಕ್ಕಳು’, ಒಂದೇ ಮನೆಯದ್ದಾದರೆ ‘ಒಬ್ಬಳು’, ‘ಒಬ್ಬ’, ಇಲ್ಲವೇ ‘ಒಂದು ಮಗು’. ಹೀಗೆ ಮಾಡಿದಾಗ ಆ ನಾಲ್ಕೂ ಮಾತು ಒಂದೇ ಪ್ಯಾರಾದೊಳಗೆ ತಮ್ಮ ತಮ್ಮ ಜಾಗದಲ್ಲಿ ಕೂತವು, ಯಾರ ದನಿಯೂ ಇನ್ನೊಬ್ಬರದ್ದನ್ನು ನುಂಗಲಿಲ್ಲ. ನಾಲ್ಕನೆಯದನ್ನು ಪ್ಯಾರಾದ ಕೊನೆಗೆ ಇಟ್ಟೆ, ಅಲ್ಲಿ ಅದಕ್ಕೆ ತೂಕ ಬಂತು.

ಉಚ್ಚಾರದ ವಿಷಯ ಸ್ವಲ್ಪ ಸೂಕ್ಷ್ಮ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಹಾಲು ‘ಆಲು’, ಹೂವು ‘ಊವು’. ಮಿಸ್ ಇದನ್ನು ಗೇಲಿ ಮಾಡಲಿಲ್ಲ. ಬಾಯಿಯ ಮುಂದೆ ಅಂಗೈ ಹಿಡಿಸಿ, ಉಸಿರು ಕೈಗೆ ತಾಗಿದರೆ ‘ಹ’, ತಾಗದಿದ್ದರೆ ‘ಅ’ ಅಂತ ಆಟ ಮಾಡಿಸಿದರು. ಈಗಲೇ ನೀವೂ ಮಾಡಿ ನೋಡಿ, ಗೊತ್ತಾಗುತ್ತದೆ. ಇದನ್ನು ಬರೆಯುವಾಗ ‘ತಪ್ಪು ಮಾತಾಡುತ್ತಿದ್ದ ಮಕ್ಕಳನ್ನು ತಿದ್ದಿದಿರಿ’ ಅಂದರೆ ಮನೆಯವರ ಮಾತೇ ತಪ್ಪು ಅಂದ ಹಾಗಾಗುತ್ತದೆ. ಮಿಸ್ ಮಾಡಿದ್ದನ್ನು ಮಾಡಿದ ಹಾಗೇ ಹೇಳಿದರೆ ಸಾಕು, ತಪ್ಪು ಅನ್ನುವ ಪದವೇ ಬೇಡ.

ಇನ್ನೊಂದು ವಾಯ್ಸ್ ಉರ್ದುವಿನಲ್ಲಿ ಬಂದಿತ್ತು. ಮನೆಯಲ್ಲಿ ಕನ್ನಡ ಆಡದ ಹುಡುಗ, ಜೂನ್‌ನಲ್ಲಿ ತರಗತಿಯಲ್ಲಿ ಬಾಯೇ ಬಿಡುತ್ತಿರಲಿಲ್ಲವಂತೆ. ನಾನು ಅದನ್ನು ಕನ್ನಡದಲ್ಲಿ ಬರೆದು, ಆ ತಾಯಿಗೆ ಫೋನ್ ಮಾಡಿ ಓದಿ ಹೇಳಿದೆ. ‘ಅವ್ನು ಕಲ್ತ ಅಂತ ಅಲ್ಲ, ಅವ್ನು ಕಲ್ಸಿದೆ ಅಂದ’ ಅಂತ ಅವರೇ ತಿದ್ದಿದರು. ಒಂದು ಪದದ ವ್ಯತ್ಯಾಸ, ಕಥೆಯೇ ಬದಲಾಯಿತು. ಅನುವಾದ ಮಾಡಿದ ಮಾತನ್ನು ಹೇಳಿದವರಿಗೆ ಓದಿ ಹೇಳದೆ ಪತ್ರಕ್ಕೆ ಹಾಕಬೇಡಿ.

ಭಾಷೆಯ ಬಗ್ಗೆ ಒಂದೆರಡು ಮಾತು. ಮಿಸ್‌ಗೆ ಮಕ್ಕಳು ಏನಂತಾರೋ ಅದನ್ನೇ ಬಳಸಿ: ಮಿಸ್, ಟೀಚರ್, ಮೇಡಂ, ಅಕ್ಕೋರು, ಯಾವುದಾದರೂ ಒಂದೇ ಇರಲಿ. ಒಂದು ಕಡೆ ‘ತಾವು’, ಇನ್ನೊಂದು ಕಡೆ ‘ನೀವು’ ಬಂದರೆ ಇಬ್ಬರು ಬರೆದದ್ದು ಅಂತ ಹೊಲಿಗೆ ಕಾಣುತ್ತದೆ. ‘ಕಲಿಸಿದಿರಿ’ ಅಂದ ಮೇಲೆ ‘ಹೇಳಿದ್ರಿ’ ಬೇಡ. ಪೋಷಕರ ಆಡುಮಾತು ಕೊಟೇಶನ್ ಒಳಗೆ ಇರಲಿ, ಉಳಿದದ್ದು ಒಂದೇ ಧಾಟಿಯಲ್ಲಿರಲಿ. ಗುರುವಿನ ಮೇಲಿನ ಶ್ಲೋಕ, ದೀಪದ ಹೋಲಿಕೆ, ಶಿಲ್ಪಿಯ ಹೋಲಿಕೆ ಇವೆಲ್ಲ ಸೆಪ್ಟೆಂಬರ್ 5ಕ್ಕೆ ಅವರಿಗೆ ಬೇಕಾದಷ್ಟು ಬಂದಿರುತ್ತವೆ.

ಉದ್ದ ಎಷ್ಟು? ವಾಟ್ಸಾಪ್ ಉದ್ದ ಸಂದೇಶವನ್ನು ಮಧ್ಯದಲ್ಲಿ ಮಡಿಚಿಡುತ್ತದೆ, ಉಳಿದದ್ದನ್ನು ಒತ್ತಿ ತೆರೆಯಬೇಕು. ಹಾಗಾಗಿ ಯಾರು ಬರೆಯುತ್ತಿದ್ದೇವೆ ಅನ್ನುವುದು ಮತ್ತು ಮೊದಲ ಘಟನೆ ಮೇಲೆಯೇ ಬರಬೇಕು. ನಾಲ್ಕೈದು ಸಣ್ಣ ಪ್ಯಾರಾ ಸಾಕು. ಇಪ್ಪತ್ತು ಮಾತಿನಲ್ಲಿ ನಾನು ನೇರವಾಗಿ ಬಳಸಿದ್ದು ಒಂಬತ್ತು. ‘ನಮ್ಮದು ಬರಲಿಲ್ಲ’ ಅಂತ ಯಾರಾದರೂ ಬೇಜಾರಾಗುತ್ತಾರೆ ಅಂತ ಹೆದರಿ ಎಲ್ಲವನ್ನೂ ತುರುಕಿದರೆ ಯಾರದ್ದೂ ಉಳಿಯುವುದಿಲ್ಲ. ಉಳಿದವಕ್ಕೆ ಏನು ಮಾಡಬೇಕು ಅಂತ ಕೊನೆಗೆ ಹೇಳುತ್ತೇನೆ.

ಕೊನೆಗೆ ಹೋದ ಪತ್ರ

ನಮಸ್ಕಾರ ಮಿಸ್,

ಎರಡನೇ ತರಗತಿ ಬಿ ವಿಭಾಗದ 34 ಮನೆಯವರು ಸೇರಿ ಬರೆಯುತ್ತಿದ್ದೇವೆ.

ಜೂನ್‌ನಲ್ಲಿ ಒತ್ತಕ್ಷರ ಬಂದ ಕಡೆ ಪುಸ್ತಕ ಮುಚ್ಚುತ್ತಿದ್ದ ಎಷ್ಟೋ ಮಕ್ಕಳು ಈಗ ಬಸ್ಸಿನ ಬೋರ್ಡು ಓದುತ್ತಾರೆ. ಅಂಗಡಿ ಬೋರ್ಡು ಓದುತ್ತಾ ದಾರಿಯಲ್ಲೇ ನಿಂತುಬಿಡುತ್ತಾರೆ. ಒಬ್ಬಳು ದಿನಾ ಸಂಜೆ ಅಜ್ಜಿಗೆ ಪೇಪರ್ ಓದಿ ಹೇಳುತ್ತಾಳೆ. ಇನ್ನೂ ತಡವರಿಸುವವರು ಇದ್ದಾರೆ. ಅವರೂ ಈಗ ಪುಸ್ತಕ ಕಂಡರೆ ಹೆದರುವುದಿಲ್ಲ.

ಬಾಯಿಯ ಮುಂದೆ ಅಂಗೈ ಹಿಡಿಸಿ, ಉಸಿರು ತಾಗಿದರೆ ‘ಹ’, ತಾಗದಿದ್ದರೆ ‘ಅ’ ಅಂತ ತೋರಿಸಿದಿರಿ. ಈಗ ನಮ್ಮಲ್ಲಿ ಕೆಲವರ ಮನೆಯಲ್ಲಿ ಅಪ್ಪ ಅಮ್ಮನಿಗೂ ಈ ಪರೀಕ್ಷೆ ನಡೆಯುತ್ತಿದೆ, ಎಲ್ಲರೂ ಪಾಸಾಗುತ್ತಿಲ್ಲ.

ಮನೆಯಲ್ಲಿ ಬೇರೆ ಭಾಷೆ ಆಡುವ ಒಬ್ಬನನ್ನು ‘ನೀರಿಗೆ ನಿಮ್ಮನೇಲಿ ಏನಂತೀರ?’ ಅಂತ ಕೇಳಿದಿರಂತೆ. ಅವನು ‘ಪಾನಿ’ ಅಂದ, ಇಡೀ ತರಗತಿ ಅದನ್ನು ಹೇಳಿತು. ಅವತ್ತು ಅವನು ಮನೆಗೆ ಬಂದು ‘ಇವತ್ತು ನಾನು ಕಲಿಸಿದೆ’ ಅಂದನಂತೆ.

ಸೊಪ್ಪಿನ ಪಲ್ಯ ಹಾಗೇ ವಾಪಸ್ ಬರುತ್ತಿದ್ದ ಡಬ್ಬಿಗಳು ದೀಪಾವಳಿ ಹೊತ್ತಿಗೆ ಖಾಲಿ ಬರತೊಡಗಿದವು. ನೀವೂ ಮಕ್ಕಳ ಜೊತೆ ನೆಲದ ಮೇಲೆ ಕೂತು ನಿಮ್ಮ ಡಬ್ಬಿ ತೆರೆಯುತ್ತಿದ್ದಿರಿ ಅಂತ ನಮಗೆ ತಡವಾಗಿ ಗೊತ್ತಾಯಿತು. ಸಂಜೆ ಗೇಟಿನವರೆಗೆ ಬಂದು ಮಗುವಿನ ಕೈಯನ್ನು ಅಜ್ಜನ ಕೈಗೆ ಕೊಟ್ಟೇ ಹೋಗುತ್ತಿದ್ದುದನ್ನು ಮಾತ್ರ ನಾವು ಕಣ್ಣಾರೆ ನೋಡಿದ್ದೇವೆ.

ನಮಗೆ ಹೇಳದೆ ನೀವು ಸಂಭಾಳಿಸಿದ ವಿಷಯಗಳೂ ಇರುತ್ತವೆ. ಅವಕ್ಕೂ ಸೇರಿಸಿ, ಥ್ಯಾಂಕ್ಸ್ ಮಿಸ್.

ಇದರ ಕೆಳಗೆ 34 ಮಕ್ಕಳ ಹೆಸರು, ಪ್ರತಿ ಹೆಸರಿನ ಮುಂದೆ ‘ಮನೆಯವರು’ ಅಂತ. ಕೊನೆಯ ಪ್ಯಾರಾ ಯಾವ ಮನೆಯದು ಅಂತ ಮಿಸ್‌ಗೂ ಚೀಟಿ ಕೊಟ್ಟ ಆ ತಾಯಿಗೂ ನನಗೂ ಮಾತ್ರ ಗೊತ್ತು. ಉಳಿದವರಿಗೆ ಅದು ಸಾಮಾನ್ಯ ಮಾತು.

ಹೆಸರು, ಒಪ್ಪಿಗೆ

ಹೆಸರುಗಳನ್ನು ಹಾಜರಿ ಪುಸ್ತಕದ ಕ್ರಮದಲ್ಲೇ ಹಾಕಿ. ಆ ಮಿಸ್ ವರ್ಷಪೂರ್ತಿ ಬೆಳಿಗ್ಗೆ ಬೆಳಿಗ್ಗೆ ಅದೇ ಕ್ರಮದಲ್ಲಿ ಆ ಹೆಸರುಗಳನ್ನು ಕೂಗಿದ್ದಾರೆ, ಓದುವಾಗ ಅದೇ ಲಯ ಬರುತ್ತದೆ. ಇದರಲ್ಲಿ ಇನ್ನೊಂದು ಅನುಕೂಲವೂ ಇದೆ. ಕಮಿಟಿಯವರ ಮಗು ಮೊದಲು, ಡಾಕ್ಟರ ಮಗು ಎರಡನೆಯದು ಅನ್ನುವ ರಗಳೆ ಬರುವುದಿಲ್ಲ. ಹೆಸರಿನ ಅಕ್ಷರಗಳನ್ನು ಆಯಾ ಮನೆಯವರೇ ನೋಡಲಿ. ಶ ಮತ್ತು ಷ, ದೀರ್ಘ ಮತ್ತು ಹ್ರಸ್ವ ತಪ್ಪಿದರೆ ಬೇರೆಲ್ಲ ಮರೆತು ಅದೊಂದೇ ನೆನಪಿರುತ್ತದೆ. ಮಿಸ್ ಹೆಸರು, ಇನಿಶಿಯಲ್ ಅವರೇ ಡೈರಿಯಲ್ಲಿ ಬರೆದ ಹಾಗೆ ಇರಲಿ.

ಹೆಸರು ಹಾಕುವುದಾದರೆ ಎಲ್ಲರದ್ದೂ ಹಾಕಿ, ಇಲ್ಲದಿದ್ದರೆ ಯಾರದ್ದೂ ಬೇಡ. 31 ಹೆಸರಿದ್ದರೆ ಮಿಸ್ ಮೊದಲು ನೋಡುವುದು ಇಲ್ಲದ ಮೂರನ್ನು. ಎಲ್ಲರ ಒಪ್ಪಿಗೆ ಸಿಗದಿದ್ದರೆ ‘2ನೇ ತರಗತಿ ಬಿ ವಿಭಾಗದ ಪೋಷಕರು’ ಅಂತ ಮುಗಿಸಿಬಿಡಿ, ‘34 ಮನೆ’ ಅನ್ನುವ ಲೆಕ್ಕವನ್ನೂ ತೆಗೆಯಿರಿ.

ಒಪ್ಪಿಗೆಯಲ್ಲಿ ಎರಡು ಬಗೆ ಇವೆ. ಯಾರ ಘಟನೆ ಬಳಸಿದ್ದೀರೋ ಅವರಿಗೆ ಆ ಸಾಲನ್ನು ಬೇರೆಯಾಗಿ ಕಳಿಸಿ, ‘ಸರಿ’ ಅಂತ ಬಾಯಿಬಿಟ್ಟು ಹೇಳಿಸಿಕೊಳ್ಳಿ. ಇಲ್ಲಿ ಮೌನ ಒಪ್ಪಿಗೆ ಅಲ್ಲ. ಅದಾದ ಮೇಲೆ ಪೂರ್ತಿ ಕರಡನ್ನು ಪೋಷಕರ ಗುಂಪಿಗೆ ಹಾಕಿ, ‘ನಾಳೆ ರಾತ್ರಿ 8ರ ಒಳಗೆ ತಿದ್ದುವುದಿದ್ದರೆ ನನ್ನ ನಂಬರಿಗೆ ಹೇಳಿ’ ಅನ್ನಿ. ಗುಂಪಿನಲ್ಲೇ ತಿದ್ದಲು ಬಿಟ್ಟರೆ ಒಬ್ಬರು ‘ಥ್ಯಾಂಕ್ಸ್ ಬದಲು ಧನ್ಯವಾದ ಹಾಕಿ’ ಅನ್ನುತ್ತಾರೆ, ಇನ್ನೊಬ್ಬರು ‘ಅನಂತ’ ಸೇರಿಸಿ ಅನ್ನುತ್ತಾರೆ, ಮಧ್ಯರಾತ್ರಿಗೆ ಪತ್ರ ಮತ್ತೆ ಚಿರಋಣಿಗೆ ಬಂದು ನಿಲ್ಲುತ್ತದೆ. ನನಗೆ ಹನ್ನೊಂದು ತಿದ್ದುಪಡಿ ಬಂದವು. ನಿಜಕ್ಕೆ ಸಂಬಂಧಿಸಿದ ನಾಲ್ಕನ್ನು ತೆಗೆದುಕೊಂಡೆ, ಅಲಂಕಾರಕ್ಕೆ ಸಂಬಂಧಿಸಿದ ಏಳನ್ನು ಬಿಟ್ಟೆ. ಬಿಟ್ಟದ್ದನ್ನು ಅವರಿಗೆ ಹೇಳಿದೆ ಕೂಡ. ಒಬ್ಬರು ಎರಡು ದಿನ ಮಾತಾಡಲಿಲ್ಲ, ಆಮೇಲೆ ಸರಿಹೋದರು. ಆಯಾಗೂ ಥ್ಯಾಂಕ್ಸ್ ಬರಬೇಕು ಅಂತ ಒಬ್ಬರು ಹೇಳಿದ್ದು ನ್ಯಾಯವಾಗಿತ್ತು. ಆದರೆ ಒಂದು ಸಾಲಿನಲ್ಲಿ ತುದಿಗೆ ಸಿಕ್ಕಿಸಿದರೆ ಅವರಿಗೂ ಸಮಾಧಾನ ಇರುವುದಿಲ್ಲ, ಅವರಿಗೆ ಬೇರೆಯೇ ಬರೆದೆವು.

ಕಳಿಸುವುದು

ಫಲಿತಾಂಶದ ದಿನ ಬೆಳಿಗ್ಗೆ ಬೇಡ. ಅವತ್ತು ಮಿಸ್ ಅಂಕಪಟ್ಟಿ, ಸಹಿ, ಪೋಷಕರ ಸಾಲು ಇವುಗಳ ಮಧ್ಯೆ ಇರುತ್ತಾರೆ. ಫಲಿತಾಂಶಕ್ಕೆ ಮೊದಲು ಕಳಿಸಿದರೆ ಮಾರ್ಕ್ಸಿಗೆ ಬೆಣ್ಣೆ ಹಚ್ಚಿದ ಹಾಗೆ ಕಾಣುವ ಅಪಾಯವೂ ಇದೆ. ನಾವು ಅದೇ ದಿನ ಸಂಜೆ ಆರೂವರೆಗೆ, ಅವರು ಮನೆ ಮುಟ್ಟಿ ಕಾಫಿ ಕುಡಿದಿರಬಹುದಾದ ಹೊತ್ತಿಗೆ ಕಳಿಸಿದೆವು.

ಗುಂಪಿಗೆ ಕಳಿಸಬೇಕೋ ಅವರ ನಂಬರಿಗೋ? ಶಾಲೆಯ ಗುಂಪಿನಲ್ಲಿ ಅಡ್ಮಿನ್ ಮಾತ್ರ ಬರೆಯುವ ಹಾಗೆ ಇಟ್ಟಿದ್ದರೆ ಪ್ರಶ್ನೆಯೇ ಇಲ್ಲ, ಅವರ ನಂಬರಿಗೆ. ಬರೆಯಲು ಬಿಟ್ಟಿದ್ದರೂ ಮೊದಲು ಅವರಿಗೊಬ್ಬರಿಗೇ ಕಳಿಸಿ, ‘ಗುಂಪಿನಲ್ಲಿ ಹಾಕಲೇ ಮಿಸ್?’ ಅಂತ ಕೇಳುವುದು ವಾಸಿ. ಎಲ್ಲರೆದುರು ಹೊಗಳಿಸಿಕೊಳ್ಳುವುದು ಎಲ್ಲ ಟೀಚರ್‌ಗೂ ಇಷ್ಟ ಅಲ್ಲ. ಹೆಡ್‌ಮೇಡಂಗೆ ಪ್ರತಿ ಕೊಡುವುದನ್ನೂ ಹೀಗೇ ಕೇಳಿ ಮಾಡಿ. ಗುಂಪಿನಲ್ಲಿ ಹಾಕಿದರೆ, ಉಳಿದ 33 ಜನ ಒಂದು ಗಂಟೆ ಸುಮ್ಮನಿರಬೇಕು ಅಂತ ಮೊದಲೇ ಮಾತಾಡಿಕೊಳ್ಳಿ. ಇಲ್ಲದಿದ್ದರೆ ಕೈಮುಗಿಯುವ ಚಿತ್ರಗಳ ಮಳೆಯಲ್ಲಿ ಪತ್ರ ಮೇಲೆ ಕೊಚ್ಚಿಹೋಗುತ್ತದೆ. ಕಳಿಸಿದ ಕೂಡಲೇ ಇನ್ನೊಂದು ಸಲ ಓದಿ. ತಪ್ಪು ಕಂಡರೆ ವಾಟ್ಸಾಪ್‌ನಲ್ಲಿ 15 ನಿಮಿಷದ ಒಳಗೆ ತಿದ್ದಬಹುದು, ಆಮೇಲೆ ಆಗುವುದಿಲ್ಲ.

ಫೋನ್ ಬದಲಿಸಿದರೆ ಸಂದೇಶ ಹೋಗಬಹುದು. ಹಾಗಾಗಿ ಒಂದು ಎ4 ಹಾಳೆಯಲ್ಲಿ ದೊಡ್ಡ ಅಕ್ಷರದಲ್ಲಿ ಪ್ರಿಂಟ್ ತೆಗೆಸಿ, ಹೆಸರಿನ ಮುಂದೆ ಸಹಿ ಹಾಕಿಸಿದೆವು. ಗೇಟಿನ ಅಜ್ಜ ಹೆಬ್ಬೆಟ್ಟು ಒತ್ತಿದರು.

ಇನ್ನು ಪತ್ರದಲ್ಲಿ ಬಾರದೆ ಉಳಿದ ಮಾತುಗಳು. ಹೇಳಿದವರನ್ನು ಕೇಳಿ, ಅವರ ಆಡುಮಾತಿನಲ್ಲೇ, ತಿದ್ದದೆ, ಎರಡನೇ ಹಾಳೆಯಲ್ಲಿ ಬರೆದು ಅದೇ ಕವರಿನಲ್ಲಿ ಇಟ್ಟೆ. ನನ್ನ ನೋಟ್‌ಬುಕ್ಕಿನಲ್ಲಿ ‘ಹೇಳಬಾರದು’ ಅಂತ ಗುರುತು ಹಾಕಿದ್ದ ಪುಟವನ್ನು ಹರಿದು ಹಾಕಿದೆ, ಆ ವಾಯ್ಸ್‌ಗಳನ್ನೂ ಅಳಿಸಿದೆ. ಮೂರು ದಿನ ಬಿಟ್ಟು ಮಿಸ್ ಉತ್ತರ ಬರೆದರು. ಮೊದಲ ಹಾಳೆಯ ಬಗ್ಗೆ ಎರಡು ಸಾಲು. ಎರಡನೇ ಹಾಳೆಯಲ್ಲಿ ‘ತಾನೇ ಬ್ಯಾಗ್ ತುಂಬ್ಕೋತಾನೆ’ ಅಂತ ಇದ್ದ ಮಾತಿಗೆ ಮಾತ್ರ ಒಂದು ತಿದ್ದುಪಡಿ: ಅದನ್ನು ಅವನಿಗೆ ಕಲಿಸಿದ್ದು ನಾನಲ್ಲ, ಪಕ್ಕದಲ್ಲಿ ಕೂರುವ ಹುಡುಗಿ.